ಗೆಲುವಿನ ಸುದ್ದಿ, ಮುಚ್ಚಿದ ಕಿಟಕಿಗಳು

1916ನೆಯ ಇಸವಿಯ ಜುಲೈ 3, ಸೋಮವಾರ. ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯಲ್ಲಿ ಆಕ್ರಿಂಗ್ಟನ್ ಎಂಬುದೊಂದು ಸಣ್ಣ ಪಟ್ಟಣ. ಹತ್ತಿಯ ಗಿರಣಿಗಳು, ನೂಲುವ ಯಂತ್ರಗಳನ್ನು ತಯಾರಿಸುವ ಕಾರಖಾನೆ, ಒಂದಕ್ಕೊಂದು ಅಂಟಿಕೊಂಡ ಕಾರ್ಮಿಕರ ಮನೆಗಳ ಸಾಲು. ಇಷ್ಟೇ ಆ ಊರಿನ ವೈಭವ. ಅಂದು ಬೆಳಿಗ್ಗೆ ಲಂಡನ್ನಿನಿಂದ ಬಂದ ವೃತ್ತಪತ್ರಿಕೆಗಳಲ್ಲಿ ಶುಭವರ್ತಮಾನವಿದ್ದಿತು. ಫ್ರಾನ್ಸಿನ ಸೊಮ್ ನದಿಯ ಬಳಿ ಶನಿವಾರ ಬೆಳಿಗ್ಗೆ ಏಳೂವರೆ ಗಂಟೆಗೆ ಬ್ರಿಟಿಷ್ ಸೈನ್ಯವು ಮಹಾ ಆಕ್ರಮಣವನ್ನು ಆರಂಭಿಸಿದೆ. ಶತ್ರುವಿನ ಮುಂಚೂಣಿಯ ಕಂದಕಗಳು ಹಲವೆಡೆ ವಶವಾಗಿವೆ. ಒಟ್ಟಿನಲ್ಲಿ ದಿನವು ಒಳ್ಳೆಯದಾಗಿಯೇ ಕಳೆದಿದೆ. ಓದಿದವರು ಸಂತೋಷಪಟ್ಟರು. ಆದರೆ ಆ ಊರಿನ ಸುಮಾರು ಏಳುನೂರು ಮಂದಿಯ ತಂಡವೊಂದು ಅದೇ ಶನಿವಾರ ಅದೇ ಏಳೂವರೆ ಗಂಟೆಗೆ ಕಂದಕದಿಂದ ಮೇಲೆದ್ದು ಹೊರಟಿತ್ತೆಂಬುದಾಗಲಿ, ಅವರಲ್ಲಿ 584 ಮಂದಿ ಸತ್ತೋ ಗಾಯಗೊಂಡೋ ಕಾಣೆಯಾಗಿಯೋ ಹೋಗಿದ್ದರೆಂಬುದಾಗಲಿ ಪತ್ರಿಕೆಯನ್ನು ಓದಿದ ಒಬ್ಬರಿಗೂ ತಿಳಿದಿರಲಿಲ್ಲ.

ಆ ಒಂದು ದಿನದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಒದಗಿದ ನಷ್ಟ 57,470 ಮಂದಿ. ಅವರಲ್ಲಿ 19,240 ಮಂದಿ ಮೃತರಾದರು. ಆ ಸೈನ್ಯದ ಇತಿಹಾಸದಲ್ಲೇ ಇಂತಹ ದಿನ ಮತ್ತೊಂದಿಲ್ಲ. ಇಷ್ಟು ದೊಡ್ಡ ಅನಾಹುತವು ಇಂಗ್ಲಿಷ್ ಕಡಲ್ಗಾಲುವೆಯ ಆಚೆ ನಡೆದಿರುವಾಗ ಈಚೆಯ ದಡದಲ್ಲಿ ಅದು ಗೆಲುವಿನ ಸುದ್ದಿಯಾಗಿ ಮುದ್ರಣಗೊಂಡದ್ದು ಹೇಗೆ? ಯಾರೋ ಒಬ್ಬ ದುಷ್ಟನು ಕುಳಿತು ಸುಳ್ಳು ಬರೆದನೆಂದರೆ ಉತ್ತರ ಸುಲಭವಾಗುತ್ತಿತ್ತು. ನಡೆದದ್ದು ಅಷ್ಟು ಸರಳವಾಗಿರಲಿಲ್ಲ.

ಬಾತ್ಮೀದಾರರಿಗೆ ಬಹಿಷ್ಕಾರ

1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದಾಗ ಬ್ರಿಟನ್ನಿನ ಯುದ್ಧಮಂತ್ರಿಯಾಗಿದ್ದವನು ಲಾರ್ಡ್ ಕಿಚನರ್. ಸೂಡಾನಿನ ಯುದ್ಧದ ಕಾಲದಿಂದಲೂ ಪತ್ರಿಕೆಯವರೆಂದರೆ ಅವನಿಗಾಗದು. ರಣಭೂಮಿಗೆ ಒಬ್ಬ ಬಾತ್ಮೀದಾರನೂ ಕಾಲಿಡಕೂಡದೆಂದು ಅವನು ಕಟ್ಟಪ್ಪಣೆ ಮಾಡಿದನು. ಲಂಡನ್ನಿನಲ್ಲಿ ಪ್ರೆಸ್ ಬ್ಯೂರೋ ಎಂಬ ಕಚೇರಿಯೊಂದು ತೆರೆಯಿತು. ಸೈನ್ಯದ ವರ್ತಮಾನವನ್ನು ಪತ್ರಿಕೆಗಳಿಗೆ ಹಂಚುವುದೂ, ಅವು ಪ್ರಕಟಿಸಬಯಸುವ ತಂತಿಗಳನ್ನು ಪರಿಶೀಲಿಸುವುದೂ ಅದರ ಕೆಲಸ. ಬಾತ್ಮೀದಾರರ ಬದಲಿಗೆ ಸ್ವಿಂಟನ್ ಎಂಬ ಸೈನ್ಯಾಧಿಕಾರಿಯನ್ನು ನೇಮಿಸಿ, ಅವನು ಬರೆದದ್ದನ್ನು 'ಕಣ್ಣಾರೆ ಕಂಡವನು' ಎಂಬ ಹೆಸರಿನಲ್ಲಿ ಎಲ್ಲ ಪತ್ರಿಕೆಗಳಿಗೂ ಕಳುಹಿಸಲಾಯಿತು. ಆ ಬರಹಗಳಲ್ಲಿ ಸುದ್ದಿಯೇ ಇರುತ್ತಿರಲಿಲ್ಲವಾದ್ದರಿಂದ ಓದುಗರು ಬಹುಬೇಗ ಆ ಹೆಸರನ್ನು ತಿರುಚಿ 'ಕಣ್ಣಿಗೆ ಮಣ್ಣು' ಎಂಬರ್ಥ ಬರುವಂತೆ ಹಾಸ್ಯ ಮಾಡತೊಡಗಿದರು.

ಅಪ್ಪಣೆಯನ್ನು ಮೀರಿ ಫ್ರಾನ್ಸಿನಲ್ಲಿ ಅಲೆದ ಕೆಲವರಿದ್ದರು. ಅವರಲ್ಲಿ ಫಿಲಿಪ್ ಗಿಬ್ಸ್ ಮುಖ್ಯನು. ತೆಳ್ಳನೆಯ ಮೈ, ಮೃದು ಮಾತು, ಲೇಖನಿಯಲ್ಲಿ ಅಪಾರ ವೇಗ. ಸೈನ್ಯದವರು ಅವನನ್ನು ಲ ಹಾವ್ರ್ ಬಂದರಿನಲ್ಲಿ ಹಿಡಿದು ಕೆಲವು ದಿನ ಕಾವಲಿನಲ್ಲಿಟ್ಟರು. ಮತ್ತೆ ಫ್ರಾನ್ಸಿಗೆ ಬಂದರೆ ಗುಂಡಿಕ್ಕುವುದಾಗಿ ಬೆದರಿಸಿ ಕಳುಹಿಸಿದರು.

ಆದರೆ ಮೌನಕ್ಕೂ ಒಂದು ಬೆಲೆಯಿದೆ. ಬ್ರಿಟನ್ ಸುಮ್ಮನಿದ್ದರೆ ಜರ್ಮನರ ಮಾತೇ ಜಗತ್ತಿನ ಕಿವಿಗೆ ಬೀಳುವುದೆಂದು, ಇದರಿಂದ ಅಮೆರಿಕದಲ್ಲಿ ಬ್ರಿಟನ್ನಿನ ಪಕ್ಷಕ್ಕೆ ಹಾನಿಯಾಗುತ್ತಿದೆಯೆಂದು ಥಿಯೊಡೊರ್ ರೂಸ್‌ವೆಲ್ಟ್ 1915ರ ಆರಂಭದಲ್ಲಿ ಬ್ರಿಟಿಷ್ ವಿದೇಶಾಂಗ ಮಂತ್ರಿಗೆ ಬರೆದನು. ಸರಕಾರವು ಮಣಿಯಿತು. 1915ರ ಬೇಸಿಗೆಯ ಹೊತ್ತಿಗೆ ಆಯ್ದ ಕೆಲವೇ ಬಾತ್ಮೀದಾರರಿಗೆ ಪರವಾನಗಿ ದೊರೆಯಿತು. ಗುಂಡಿಕ್ಕುವ ಬೆದರಿಕೆ ಕೇಳಿದ್ದ ಗಿಬ್ಸನೂ ಅವರಲ್ಲಿ ಒಬ್ಬನಾಗಿದ್ದನು.

ಮೇಜಿನಾಚೆಯ ಕತ್ತರಿ

ಸೊಮ್ ಕದನದ ಹೊತ್ತಿಗೆ ಬ್ರಿಟಿಷ್ ಸೈನ್ಯದೊಡನೆ ಇದ್ದ ಪರವಾನಗಿಯ ಬಾತ್ಮೀದಾರರು ಐವರು: ಗಿಬ್ಸ್, ಬೀಚ್ ಥಾಮಸ್, ಪರ್ಸಿವಲ್ ಫಿಲಿಪ್ಸ್, ಪೆರಿ ರಾಬಿನ್‌ಸನ್ ಮತ್ತು ರಾಯ್ಟರ್ ಸಂಸ್ಥೆಯ ಹರ್ಬರ್ಟ್ ರಸೆಲ್. ಬ್ರಿಟನ್ನಿನ ಪತ್ರಿಕೆಗಳೆಲ್ಲ ಈ ಐದು ಲೇಖನಿಗಳನ್ನೇ ನೆಚ್ಚಬೇಕಾಗಿತ್ತು. ಇವರಿಗೆ ಕ್ಯಾಪ್ಟನ್ ದರ್ಜೆಯ ಗೌರವ, ಅಧಿಕಾರಿಗಳಂತೆಯೇ ಖಾಕಿ ಉಡುಪು, ತೋಳಿನ ಮೇಲೊಂದು ಹಸುರು ಪಟ್ಟಿ. ವಾಸಕ್ಕೆ ಆಮಿಯೆನ್ ನಗರದಲ್ಲಿ ಮನೆ, ಓಡಾಟಕ್ಕೆ ಸೈನ್ಯದ ಮೋಟಾರು, ಊಟಕ್ಕೆ ಸೈನ್ಯದ ಅಡಿಗೆ. ಎಲ್ಲಿಗೆ ಹೋದರೂ ಜೊತೆಯಲ್ಲಿ ಒಬ್ಬ ಸೈನ್ಯಾಧಿಕಾರಿ. ಸೆನ್ಸಾರ್ ಅಧಿಕಾರಿಗಳೂ ಅದೇ ಮನೆಯಲ್ಲಿ, ಅದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು.

ದಿನದ ಕೆಲಸ ಹೀಗೆ ಸಾಗುತ್ತಿತ್ತು. ಬೆಳಿಗ್ಗೆ ಐವರೂ ರಣರಂಗವನ್ನು ತಮ್ಮಲ್ಲಿ ಹಂಚಿಕೊಂಡು ಬೇರೆ ಬೇರೆ ದಿಕ್ಕಿಗೆ ಹೊರಡುವರು. ಗುಡ್ಡದ ಮೇಲಿಂದ ಕಂಡದ್ದು, ದಾರಿಯಲ್ಲಿ ಬರುವ ಗಾಯಾಳುಗಳಿಂದ ಕೇಳಿದ್ದು, ಸೇನಾ ಕಚೇರಿಯಲ್ಲಿ ಅಧಿಕಾರಿಗಳು ಹೇಳಿದ್ದು, ಎಲ್ಲವನ್ನೂ ಹೊತ್ತು ತಂದು ಮಧ್ಯಾಹ್ನ ಒಟ್ಟಿಗೆ ಕುಳಿತು ಪರಸ್ಪರ ಹೇಳಿಕೊಳ್ಳುವರು. ಆಮೇಲೆ ತಮ್ಮ ತಮ್ಮ ಕೋಣೆಗೆ ಹೋಗಿ ಗಡಿಯಾರದೊಡನೆ ಓಡುತ್ತ ಬರೆಯುವರು. ಬರೆದ ಹಾಳೆ ಸೆನ್ಸಾರಿನ ಕೈಗೆ ಹೋಗಿ, ನೀಲಿ ಪೆನ್ಸಿಲಿನ ಗೀರುಗಳೊಡನೆ ಹೊರಬಂದು, ಸೈನ್ಯದ ದೂತನ ಮೂಲಕ ದಂಡಿನ ಮುಖ್ಯ ಕಚೇರಿಯನ್ನು ಸೇರುವುದು, ಅಲ್ಲಿಂದ ಟೆಲಿಫೋನಿನಲ್ಲಿ ಲಂಡನ್ನಿನ ಯುದ್ಧ ಇಲಾಖೆಗೆ, ಅಲ್ಲಿಂದ ಪತ್ರಿಕೆಗಳಿಗೆ. ರಾತ್ರಿ ಅಚ್ಚಾದದ್ದು ಮರುದಿನ ಕಾಫಿಯ ಹೊತ್ತಿಗೆ ಓದುಗನ ಕೈಯಲ್ಲಿ. ವೇಗದಲ್ಲಿ ಕೊರತೆಯೇನೂ ಇರಲಿಲ್ಲ.

ಆ ನೀಲಿ ಪೆನ್ಸಿಲು ಅಳಿಸುತ್ತಿದ್ದುದಾದರೂ ಏನನ್ನು? ಮೊದಲನೆಯದಾಗಿ ದಳಗಳ ಹೆಸರನ್ನು. ಯಾವ ದಳ ಎಲ್ಲಿದೆಯೆಂದು ಶತ್ರುವಿಗೆ ತಿಳಿದರೆ ಅವನು ಎದುರಾಳಿಯ ಬಲವನ್ನು ಲೆಕ್ಕ ಹಾಕಬಲ್ಲನೆಂಬುದು ಸೈನ್ಯದ ವಾದ. ಆ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಎರಡನೆಯದಾಗಿ ನಷ್ಟದ ಸಂಖ್ಯೆಯನ್ನು. ಮೂರನೆಯದಾಗಿ ಸೇನಾನಾಯಕರ ಮೇಲಿನ ಟೀಕೆಯನ್ನು. ಈ ಮೂರನ್ನೂ ತೆಗೆದ ಮೇಲೆ ಉಳಿಯುವುದು ಹೆಸರಿಲ್ಲದ ಶೂರರ ಸಾಹಸ, ಫಿರಂಗಿಗಳ ಗರ್ಜನೆ, ಸೆರೆಸಿಕ್ಕ ಜರ್ಮನರ ಸಾಲು. ಇವೆಲ್ಲ ನಿಜವೇ, ಆದರೆ ಇವುಗಳಿಂದ ಯುದ್ಧದ ಲೆಕ್ಕ ತಿಳಿಯದು.

ಸೇನಾಪತಿ ಹೇಗ್ ಬಾತ್ಮೀದಾರರನ್ನು ಮೊದಲು ಕಂಡಾಗ, ಅಡಿಗೆಮನೆಯ ಹೆಣ್ಣಾಳುಗಳಿಗಾಗಿ ನಾಲ್ಕು ಮಾತು ಬರೆಯುವುದೇ ಇವರ ಕೆಲಸವೆಂಬಂತೆ ಮಾತನಾಡಿದನೆಂದೂ, ಇಡೀ ರಾಷ್ಟ್ರಕ್ಕೆ ಸುದ್ದಿ ಬೇಕಾಗಿದೆಯೆಂದು ತಾನು ಉತ್ತರಿಸಿದೆನೆಂದೂ ಗಿಬ್ಸ್ ಮುಂದೆ ಬರೆದಿದ್ದಾನೆ. ಆದರೆ ಅದೇ ಗಿಬ್ಸ್ ಇನ್ನೊಂದು ಮಾತನ್ನೂ ಒಪ್ಪಿಕೊಂಡಿದ್ದಾನೆ. ಸೈನಿಕರೊಡನೆ ಬಾಳಿ ಬಾಳಿ ತಾವು ಸೈನ್ಯದವರೇ ಆಗಿಹೋಗಿದ್ದರಿಂದ, ಹೆತ್ತವರ ನೋವನ್ನು ಹೆಚ್ಚಿಸಬಾರದೆಂಬ ಭಾವನೆಯಿಂದ, ತಮ್ಮ ಬರಹಕ್ಕೆ ತಾವೇ ಕತ್ತರಿ ಹಾಕುತ್ತಿದ್ದೆವೆಂದು ಅವನು ಹೇಳುತ್ತಾನೆ. ಮೇಜಿನಾಚೆ ಕುಳಿತ ಸೆನ್ಸಾರಿಗಿಂತ ಮನಸ್ಸಿನಲ್ಲಿ ಕುಳಿತ ಸೆನ್ಸಾರೇ ಹೆಚ್ಚು ಸಮರ್ಥನು.

ಮಂಜಿನೊಳಗಿನ ಕದನ

ಜುಲೈ 1ರ ಮೊದಲಿನ ಒಂದು ವಾರ ಬ್ರಿಟಿಷ್ ಫಿರಂಗಿಗಳು ಜರ್ಮನ್ ಕಂದಕಗಳ ಮೇಲೆ ಹದಿನೈದು ಲಕ್ಷದಷ್ಟು ಗುಂಡುಗಳನ್ನು ಸುರಿಸಿದವು. ಅದನ್ನು ಕಂಡವರಿಗೆ ಆಚೆ ಬದಿಯಲ್ಲಿ ಇಲಿಯೂ ಬದುಕಿರಲಾರದೆನ್ನಿಸಿತು. ಗಿಬ್ಸ್ ಆಲ್ಬರ್ಟ್ ಪಟ್ಟಣದ ಬಳಿಯ ಎತ್ತರದ ನೆಲದಲ್ಲಿ ನಿಂತು ನೋಡಿದನು. ಆದರೆ ಏಳೂವರೆ ಗಂಟೆಗೆ ಪದಾತಿಗಳು ಮೇಲೆದ್ದಾಗ ಮಂಜು, ಹೊಗೆ, ಧೂಳು ಎಲ್ಲವೂ ಸೇರಿ ರಣರಂಗವನ್ನೇ ಮುಚ್ಚಿದ್ದವು. ಸೈನಿಕರು ಆ ಪರದೆಯೊಳಗೆ ನಡೆದುಹೋದದ್ದಷ್ಟೇ ಕಂಡಿತು. ಒಳಗೆ ಆದದ್ದು ಕಾಣಲಿಲ್ಲ.

ಒಳಗೆ ಆದದ್ದು ಇಷ್ಟು. ಜರ್ಮನರು ನೆಲದೊಳಗೆ ಆಳವಾದ ಬಿಲಗಳನ್ನು ತೋಡಿಕೊಂಡು ಗುಂಡಿನ ಮಳೆಯನ್ನು ಕಳೆದಿದ್ದರು. ಅನೇಕ ಕಡೆ ಮುಳ್ಳುತಂತಿಯ ಬೇಲಿಗಳು ತುಂಡಾಗಿರಲಿಲ್ಲ. ಫಿರಂಗಿ ಹಿಂದಕ್ಕೆ ಗುರಿ ಬದಲಿಸಿದೊಡನೆ ಅವರು ಮೇಲೆ ಬಂದು ಮಷಿನ್‌ಗನ್ನುಗಳನ್ನು ಹೂಡಿದರು. ಉತ್ತರದ ತುದಿಯಲ್ಲಿ ಸೆರ್ ಎಂಬ ಹಳ್ಳಿಯೆದುರು ನಾಲ್ಕು ಅಲೆಗಳಾಗಿ ನಡೆದುಬಂದ ಆಕ್ರಿಂಗ್ಟನ್ನಿನ ತಂಡವು ಅರ್ಧ ಗಂಟೆಯೊಳಗೆ ಹುಲ್ಲಿನಂತೆ ಒರಗಿತು. ಹಳ್ಳಿಯವರೆಗೆ ತಲುಪಿದ ನಾಲ್ಕಾರು ಮಂದಿ ಹಿಂದಿರುಗಲಿಲ್ಲ.

ಸೆರ್ ಹಳ್ಳಿಯೊಳಕ್ಕೆ ತಮ್ಮವರು ನುಗ್ಗಿದ್ದಾರೆಂಬ ವರದಿ ಅಂದು ಸೇನೆಯ ಮೇಲಿನ ಕಚೇರಿಗಳಿಗೂ ಹೋಗಿತ್ತು. ಟೆಲಿಫೋನಿನ ತಂತಿಗಳು ತುಂಡಾಗಿದ್ದವು, ಓಲೆಕಾರರು ದಾರಿಯಲ್ಲೇ ಸತ್ತಿದ್ದರು. ಎರಡನೆಯ ದಿನವೂ ಹೇಗ್ ತನ್ನ ದಿನಚರಿಯಲ್ಲಿ ಬರೆದುಕೊಂಡ ನಷ್ಟದ ಅಂದಾಜು ನಲವತ್ತು ಸಾವಿರವನ್ನು ಮೀರಿದ್ದೆಂದಷ್ಟೇ. ತೊಡಗಿದ ಸೈನ್ಯದ ಗಾತ್ರಕ್ಕೆ ಅದು ಹೆಚ್ಚೇನಲ್ಲವೆಂದು ಅವನಿಗೆ ತೋರಿತು. ಸೇನಾಪತಿಗೇ ಪೂರ್ಣ ಸತ್ಯ ತಿಳಿದಿರಲಿಲ್ಲವೆಂದ ಮೇಲೆ ಸಂಜೆಯೊಳಗೆ ಸುದ್ದಿ ಕಳುಹಿಸಬೇಕಾಗಿದ್ದ ಬಾತ್ಮೀದಾರನ ಗತಿಯೇನು? ಮೊದಲ ದಿನದ ತಪ್ಪಿನಲ್ಲಿ ಅಜ್ಞಾನದ ಪಾಲು ದೊಡ್ಡದು. ಆದರೆ ವಾರ ಕಳೆದ ಮೇಲೆ ಅಜ್ಞಾನದ ನೆವ ಉಳಿಯಲಿಲ್ಲ. ಗಾಯಾಳುಗಳ ಬಂಡಿಗಳು ಆಮಿಯೆನ್ನಿನ ಬೀದಿಗಳಲ್ಲೇ ಹಾದುಹೋಗುತ್ತಿದ್ದವು. ಆಗಲೂ ಬರಹದ ಧಾಟಿ ಬದಲಾಗಲಿಲ್ಲ.

ಆ ದಿನಗಳ ಪತ್ರಿಕೆಯನ್ನು ನಕ್ಷೆಯೊಡನೆ ಓದಿದ ಜಾಣನಿಗೆ ಒಂದು ಸುಳಿವು ಸಿಕ್ಕುತ್ತಿತ್ತು. ದಕ್ಷಿಣದ ಮೋಂತೋಬಾನ್, ಮಾಮೆಟ್ಸ್, ಫ್ರಿಕೂರ್ ಎಂಬ ಹಳ್ಳಿಗಳ ಹೆಸರು ದಿನದಿನವೂ ದಪ್ಪಕ್ಷರಗಳಲ್ಲಿ ಬರುತ್ತಿತ್ತು; ಅವು ನಿಜವಾಗಿಯೂ ವಶವಾಗಿದ್ದವು. ಉತ್ತರಾರ್ಧದ ಹಳ್ಳಿಗಳ ಹೆಸರು ಮಾತ್ರ ಮೆಲ್ಲಗೆ ಮರೆಯಾಯಿತು. ಸೋಲನ್ನು ಯಾರೂ ಗೆಲುವೆಂದು ಬರೆಯಲಿಲ್ಲ. ಸೋತ ಜಾಗದ ಮಾತನ್ನೇ ಬಿಟ್ಟರು. ಸುಳ್ಳಿಗಿಂತ ಈ ಮೌನವನ್ನು ಹಿಡಿಯುವುದು ಕಷ್ಟ.

ಊರಿಗೆ ಬಂದ ಇನ್ನೊಂದು ಸುದ್ದಿ

ಪತ್ರಿಕೆಯಲ್ಲಿ ಬಾರದ ಸುದ್ದಿ ಆಕ್ರಿಂಗ್ಟನ್ನಿಗೆ ಅಂಚೆಯಲ್ಲಿ ಬಂದಿತು. ಸೈನಿಕರಿಗೆ ಕೊಡುತ್ತಿದ್ದ ಒಂದು ಅಚ್ಚಾದ ಕಾರ್ಡಿತ್ತು. 'ನಾನು ಕ್ಷೇಮ', 'ಆಸ್ಪತ್ರೆಗೆ ಸೇರಿದ್ದೇನೆ', 'ನಿಮ್ಮ ಪತ್ರ ತಲುಪಿತು' ಎಂಬಂತಹ ಸಿದ್ಧ ವಾಕ್ಯಗಳು ಅದರಲ್ಲಿದ್ದವು. ಬೇಡವಾದುದನ್ನು ಹೊಡೆದುಹಾಕಿ, ತಾರೀಖು ಹಾಕಿ, ರುಜು ಮಾಡಬೇಕು. ಒಂದು ಅಕ್ಷರ ಹೆಚ್ಚಿಗೆ ಬರೆದರೂ ಕಾರ್ಡು ನಾಶವಾಗುತ್ತಿತ್ತು. ಕಾಗದ ಬರೆದರೆ ಅದನ್ನು ಸೈನಿಕನ ಮೇಲಿನ ಅಧಿಕಾರಿಯೇ ಓದಿ ಅಂಟಿಸಬೇಕು. ಹಸುರು ಲಕೋಟೆಯೊಂದು ಅಪರೂಪಕ್ಕೆ ಸಿಕ್ಕುತ್ತಿತ್ತು. ಒಳಗೆ ಮನೆಯ ಮಾತಲ್ಲದೆ ಬೇರೇನೂ ಇಲ್ಲವೆಂದು ಪ್ರಮಾಣ ಮಾಡಿ ರುಜು ಹಾಕಿದರೆ ಅದನ್ನು ದಳದಲ್ಲಿ ಒಡೆಯುತ್ತಿರಲಿಲ್ಲ, ಹಿಂದಿನ ನೆಲೆಯಲ್ಲಿ ಒಡೆದರೆ ಒಡೆಯಬಹುದಾಗಿತ್ತು.

ಇಂತಹ ಕಟ್ಟಿನಲ್ಲೂ ಮನುಷ್ಯನು ದಾರಿ ಹುಡುಕುತ್ತಾನೆ. ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಓದಲು ಬೇರೊಂದು ಸೆನ್ಸಾರ್ ಕಚೇರಿಯೇ ಇದ್ದಿತು. ಹಳ್ಳಿಯ ಮನೆಗೆ ಬರೆಯುವಾಗ ಸಿಪಾಯಿಗಳು ಕರಿಮೆಣಸು ಮುಗಿಯುತ್ತ ಬಂದಿದೆಯೆಂದು, ಈಗ ಕೆಂಪು ಮೆಣಸಿನಕಾಯಿಯನ್ನು ಬಳಸುತ್ತಿದ್ದಾರೆಂದು ಅಡಿಗೆಯ ಮಾತಿನಂತೆ ಬರೆಯುತ್ತಿದ್ದರು. ಕರಿಮೆಣಸೆಂದರೆ ಭಾರತೀಯ ಸೈನಿಕರು, ಕೆಂಪು ಮೆಣಸಿನಕಾಯಿಯೆಂದರೆ ಗೋರಾ ಸೋಲ್ಜರರು. ಸೆನ್ಸಾರ್ ಅಧಿಕಾರಿಗೆ ಇದು ಅರ್ಥವಾಗದೆ ಇರಲಿಲ್ಲ. ಅಂತಹ ಸಾಲುಗಳನ್ನು ಅವನು ಬಿಡಿಸಿ ಮೇಲಿನವರಿಗೆ ವರದಿ ಮಾಡುತ್ತಿದ್ದನು. ಆ ವರದಿಗಳಲ್ಲಿ ಸಂಗ್ರಹವಾಗಿದ್ದರಿಂದಲೇ ಆ ಸಿಪಾಯಿಗಳ ಮಾತು ಇಂದಿಗೂ ಉಳಿದಿದೆ.

ಆಕ್ರಿಂಗ್ಟನ್ನಿನಲ್ಲಿ ಜುಲೈ ಮೊದಲ ವಾರ ಕಳೆಯುತ್ತಿದ್ದಂತೆ ಒಂದೊಂದು ಮನೆಗೂ ಒಂದೊಂದು ತುಣುಕು ಬರತೊಡಗಿತು. ಆಸ್ಪತ್ರೆಯಲ್ಲಿ ಮಲಗಿದ ಗಾಯಾಳುವೊಬ್ಬನು ತನ್ನ ತಾಯಿಗೆ ಬರೆಯುವಾಗ ಪಕ್ಕದ ಮನೆಯ ಹುಡುಗನು ಬಿದ್ದುದನ್ನು ಕಂಡೆನೆನ್ನುವನು. ಆ ತಾಯಿ ಕಾಗದವನ್ನು ಹಿಡಿದು ಪಕ್ಕದ ಮನೆಗೆ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಲ್ಲುವಳು. ತಂಡ ಪೂರ್ತಿಯಾಗಿ ನಾಶವಾಯಿತೆಂಬ ಪಿಸುಮಾತು ಗಿರಣಿಯಿಂದ ಗಿರಣಿಗೆ ಹಬ್ಬಿತು. ಅಧಿಕೃತವಾಗಿ ಯಾರೂ ಏನನ್ನೂ ಹೇಳಲೊಲ್ಲರು. 1914ರಲ್ಲಿ ಮುಂದೆ ನಿಂತು ಈ ತಂಡವನ್ನು ಕಟ್ಟಿದವನು ಊರಿನ ಮೇಯರ್ ಹಾರ್ವುಡ್. ಸುದ್ದಿಯನ್ನು ಬಚ್ಚಿಟ್ಟಿದ್ದಾನೆಂಬ ಸಂಶಯದಿಂದ ಹೆಂಗಸರು ಅವನ ಮನೆಯನ್ನು ಸುತ್ತುವರಿದರೆಂದು ಊರಿನಲ್ಲಿ ಹೇಳುತ್ತ ಬಂದಿದ್ದಾರೆ. ಪಾಪ, ಅವನಿಗೂ ಏನೂ ತಿಳಿದಿರಲಿಲ್ಲ.

ಅಧಿಕೃತ ಸಮಾಚಾರದ ಕ್ರಮವೇ ಬೇರೆ. ಅಧಿಕಾರಿ ಸತ್ತರೆ ಮನೆಗೆ ತಂತಿ ಬರುವುದು. ಸಾಮಾನ್ಯ ಸೈನಿಕ ಸತ್ತರೆ ಬಿ 104-82 ಎಂಬ ಸಂಖ್ಯೆಯ ಅಚ್ಚಾದ ನಮೂನೆ ಸಾಧಾರಣ ಅಂಚೆಯಲ್ಲಿ ಬರುವುದು; ಹೆಸರು, ಸಂಖ್ಯೆ, ತಾರೀಖುಗಳನ್ನು ಗುಮಾಸ್ತನು ಕೈಯಲ್ಲಿ ತುಂಬಿರುವನು. ಇನ್ನೊಂದು ನಮೂನೆಯಲ್ಲಿ 'ಕಾಣೆಯಾಗಿದ್ದಾನೆ' ಎಂದಿರುವುದು. ಸತ್ತನೆಂಬ ಕಾಗದಕ್ಕಿಂತ ಇದು ಕ್ರೂರ. ಸೆರ್ ಹಳ್ಳಿಯೆದುರಿನ ಬಯಲು ಜರ್ಮನರ ಗುಂಡಿನ ನೇರಕ್ಕೆ ಇದ್ದುದರಿಂದ ಹೆಣಗಳನ್ನು ತರುವುದೇ ಸಾಧ್ಯವಾಗಿರಲಿಲ್ಲ. 1917ರ ಫೆಬ್ರವರಿಯಲ್ಲಿ ಜರ್ಮನರು ತಾವಾಗಿಯೇ ಹಿಂದೆ ಸರಿದ ಮೇಲೆ ಅಲ್ಲಿಗೆ ಹೋದವರಿಗೆ, ಜುಲೈಯಲ್ಲಿ ಬಿದ್ದವರು ಬಿದ್ದಲ್ಲೇ ಇದ್ದುದು ಕಂಡಿತು. ಅಷ್ಟು ತಿಂಗಳೂ ಅನೇಕ ಮನೆಗಳಲ್ಲಿ ಆಸೆಯ ದೀಪ ಉರಿಯುತ್ತಲೇ ಇದ್ದಿತು.

ಆ ದೇಶದಲ್ಲಿ ಸಾವಿನ ಮನೆಯವರು ಕಿಟಕಿಗಳ ಪರದೆಯನ್ನು ಇಳಿಬಿಡುವುದು ವಾಡಿಕೆ. ಆ ಜುಲೈಯಲ್ಲಿ ಪರದೆ ಇಳಿಯದ ಬೀದಿಯೇ ಆಕ್ರಿಂಗ್ಟನ್ನಿನಲ್ಲಿ ಇರಲಿಲ್ಲವೆಂದು ಕಂಡವರು ನೆನೆದಿದ್ದಾರೆ. ಸೆನ್ಸಾರಿನ ನೀಲಿ ಪೆನ್ಸಿಲು ತಲುಪಲಾರದ ಪತ್ರಿಕೆ ಅದೊಂದೇ. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದವರಿಗೆ ಕದನದ ಫಲಿತಾಂಶ ತಿಳಿಯುತ್ತಿತ್ತು. ಆದರೆ ತಿಳಿಯುತ್ತಿದ್ದುದು ತಮ್ಮ ಬೀದಿಯದು, ತಮ್ಮ ಊರಿನದು ಮಾತ್ರ. ಯುದ್ಧ ಇಲಾಖೆಯು ನಷ್ಟದ ಪಟ್ಟಿಗಳನ್ನು ಪ್ರಕಟಿಸುತ್ತಿತ್ತು. ಅವುಗಳಲ್ಲಿ ಹೆಸರು ಮತ್ತು ದಳವಿರುತ್ತಿತ್ತೇ ಹೊರತು ಎಲ್ಲಿ ಸತ್ತನೆಂಬುದಿರುತ್ತಿರಲಿಲ್ಲ. ಜುಲೈ 1ರಂದು ಸತ್ತವರ ಹೆಸರುಗಳು ವಾರಗಟ್ಟಲೆ ತುಣುಕು ತುಣುಕಾಗಿ ಬಂದವು. ಬ್ರ್ಯಾಡ್‌ಫರ್ಡ್, ಲೀಡ್ಸ್, ಷೆಫೀಲ್ಡ್ ನಗರಗಳ ತಂಡಗಳೂ ಅದೇ ಹಳ್ಳಿಯೆದುರು ಅದೇ ಬೆಳಿಗ್ಗೆ ನೆಲಕಚ್ಚಿದ್ದವು. ಆದರೆ ಒಂದೂರಿನ ಶೋಕ ಇನ್ನೊಂದೂರಿಗೆ ತಿಳಿಯುವಂತಿರಲಿಲ್ಲ. ಪ್ರತಿಯೊಂದು ಊರೂ ತನಗೆ ಮಾತ್ರ ಈ ದುರ್ದೆಶೆಯೆಂದೂ, ಉಳಿದೆಡೆ ಪತ್ರಿಕೆ ಹೇಳುವಂತೆ ಗೆಲುವೇ ಇರಬಹುದೆಂದೂ ಭಾವಿಸಿತು. ಸೆನ್ಸಾರಿನ ನಿಜವಾದ ಶಕ್ತಿ ಇಲ್ಲಿತ್ತು. ಅದು ಸಾವನ್ನು ಬಚ್ಚಿಡಲಿಲ್ಲ. ಸಾವುಗಳ ಮೊತ್ತವನ್ನು ಕೂಡಿಸಲು ಬಿಡಲಿಲ್ಲ.

ಬೆಳ್ಳಿತೆರೆಯ ಮೇಲೆ ರಣರಂಗ

ಆಗಸ್ಟ್ ತಿಂಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಮ್ಯಾಲಿನ್ಸ್ ಮತ್ತು ಮ್ಯಾಕ್‌ಡವೆಲ್ ಎಂಬ ಇಬ್ಬರು ಕ್ಯಾಮೆರಾದವರು ರಣರಂಗದಲ್ಲಿ ತೆಗೆದ 'ಸೊಮ್ ಕದನ' ಎಂಬ ಮೂಕಚಿತ್ರ ತೆರೆಕಂಡಿತು. ಆರು ವಾರಗಳಲ್ಲಿ ಸುಮಾರು ಎರಡು ಕೋಟಿ ಜನ ಅದನ್ನು ನೋಡಿದರೆಂಬುದು ಅಂದಾಜು. ಗಾಯಾಳುಗಳನ್ನೂ ಹೆಣಗಳನ್ನೂ ಆ ಚಿತ್ರ ಮರೆಮಾಡದೆ ತೋರಿಸಿತು. ಇದು ಮನೋರಂಜನೆಯೇ ಎಂದು ಡರ್ಹಮ್ಮಿನ ಪಾದ್ರಿಯೊಬ್ಬರು ಪ್ರತಿಭಟಿಸಿದರು. ತಮ್ಮವರು ಹೇಗೆ ಬಾಳಿದರು, ಹೇಗೆ ಸತ್ತರು ಎಂದು ನೋಡುವ ಹಕ್ಕು ತಮಗಿದೆಯೆಂದು ಮಕ್ಕಳನ್ನು ಕಳೆದುಕೊಂಡ ಕೆಲವರು ಉತ್ತರಿಸಿದರು.

ಇಲ್ಲಿಯೂ ಒಂದು ಸೋಜಿಗವಿದೆ. ಪ್ರೇಕ್ಷಕರ ಎದೆ ನಡುಗಿಸಿದ ದೃಶ್ಯವೆಂದರೆ ಸೈನಿಕರು ಕಂದಕವನ್ನೇರುವುದು, ಅವರಲ್ಲೊಬ್ಬನು ಗುಂಡು ತಗುಲಿ ಹಿಂದಕ್ಕೆ ಜಾರುವುದು. ಅದು ರಣರಂಗದಲ್ಲಿ ತೆಗೆದದ್ದಲ್ಲ; ಹಿಂದಿನ ತರಬೇತಿಯ ಮೈದಾನದಲ್ಲಿ ಆಡಿಸಿ ತೆಗೆದದ್ದು. ಆದರೆ ಕದನಕ್ಕೆ ಮುನ್ನ ತಗ್ಗಿನ ದಾರಿಯಲ್ಲಿ ಕುಳಿತು ಕ್ಯಾಮೆರಾದತ್ತ ನೋಡುವ ಲ್ಯಾಂಕಾಷೈರಿನ ಸೈನಿಕರ ಮುಖಗಳು ಅಪ್ಪಟ ನಿಜ. ಸ್ವಲ್ಪ ಹೊತ್ತಿನಲ್ಲೇ ಅವರು ಮಷಿನ್‌ಗನ್ನಿನೆದುರು ಹೊರಟರು. ಆ ಮುಖಗಳಲ್ಲಿ ತಮ್ಮವರನ್ನು ಹುಡುಕಲೆಂದೇ ಎಷ್ಟೋ ತಾಯಂದಿರು ಚಿತ್ರಮಂದಿರಕ್ಕೆ ಹೋದರು.

ಲೆಕ್ಕ ಒಪ್ಪಿಸಿದ ದಿನ

ಕಂದಕದಲ್ಲಿದ್ದವರಿಗೂ ಪತ್ರಿಕೆಗಳು ತಲುಪುತ್ತಿದ್ದವು. ತಮ್ಮ ಕಣ್ಣೆದುರಿನ ನರಕಕ್ಕೂ ಪತ್ರಿಕೆಯ ಉತ್ಸಾಹಕ್ಕೂ ಇರುವ ಅಂತರವನ್ನು ಕಂಡು ಅವರು ಕೆರಳಿದರು, ನಕ್ಕರು. ಈಪರ್ ನಗರದ ಹಾಳುಬಿದ್ದ ಮನೆಗಳ ನಡುವೆ ಸಿಕ್ಕ ಮುದ್ರಣಯಂತ್ರದಲ್ಲಿ ಸೈನಿಕರೇ ಅಚ್ಚುಹಾಕತೊಡಗಿದ ಪತ್ರಿಕೆಯೊಂದು ಬೀಚ್ ಥಾಮಸನ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ 'ಟೀಚ್ ಬೋಮಸ್' ಎಂಬ ಬಾತ್ಮೀದಾರನನ್ನು ಸೃಷ್ಟಿಸಿ, ಅವನ ಧಾಟಿಯನ್ನು ಅಣಕಿಸಿತು. ರಜೆಯ ಮೇಲೆ ಮನೆಗೆ ಬಂದ ಸೈನಿಕನು ಕಂಡದ್ದನ್ನು ಹೇಳಹೊರಟರೆ, ಪತ್ರಿಕೆಯಲ್ಲಿ ಹಾಗಿಲ್ಲವಲ್ಲ ಎಂಬ ಮುಖಗಳನ್ನು ನೋಡಿ ಸುಮ್ಮನಾಗುತ್ತಿದ್ದನು.

1917ರ ಡಿಸೆಂಬರಿನಲ್ಲಿ ಲಂಡನ್ನಿಗೆ ಬಂದ ಗಿಬ್ಸ್ ಒಂದು ಔತಣಕೂಟದಲ್ಲಿ, ಕಾಗದದ ಮೇಲೆ ಬರೆಯಲಾರದುದನ್ನು ಬಾಯಲ್ಲಿ ಹೇಳಿದನು. ಕೇಳಿದವರಲ್ಲಿ ಪ್ರಧಾನಿ ಲಾಯ್ಡ್ ಜಾರ್ಜನೂ ಇದ್ದನು. ಜನಕ್ಕೆ ನಿಜ ಗೊತ್ತಾದರೆ ಯುದ್ಧ ನಾಳೆಯೇ ನಿಂತುಹೋಗುವುದು, ಆದರೆ ಅವರಿಗೆ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ ಎಂಬರ್ಥದ ಮಾತನ್ನು ಅವನು ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯ ಸಂಪಾದಕ ಸ್ಕಾಟನಿಗೆ ಹೇಳಿದನು. ಸ್ಕಾಟ್ ಅದನ್ನು ದಿನಚರಿಯಲ್ಲಿ ಬರೆದುಕೊಂಡನು, ಪತ್ರಿಕೆಯಲ್ಲಿ ಬರೆಯಲಿಲ್ಲ.

ಯುದ್ಧ ಮುಗಿದ ಮೇಲೆ, 1920ರಲ್ಲಿ, ಐವರು ಬಾತ್ಮೀದಾರರಿಗೂ ಸರಕಾರವು 'ಸರ್' ಪದವಿಯನ್ನಿತ್ತು ಗೌರವಿಸಿತು. ಅದೇ ವರ್ಷ ಗಿಬ್ಸ್ ತಾನು ಬರೆಯದೆ ಉಳಿಸಿದ್ದುದನ್ನೆಲ್ಲ ಒಂದು ಗ್ರಂಥವಾಗಿ ಪ್ರಕಟಿಸಿದನು. 1925ರಲ್ಲಿ ಬೀಚ್ ಥಾಮಸ್ ತನ್ನ ಆತ್ಮಕಥೆಯಲ್ಲಿ, ಸೊಮ್ ಕದನದ ಆರಂಭದ ದಿನಗಳಲ್ಲಿ ತಾನು ಬರೆದುದಕ್ಕಾಗಿ ಬಹಳ ನಾಚಿಕೆಪಡುತ್ತೇನೆಂದು ಒಪ್ಪಿಕೊಂಡನು. ಸೊಮ್ ಕದನದ ಮೊದಲ ದಿನದ ವಿವರವುಳ್ಳ ಅಧಿಕೃತ ಇತಿಹಾಸದ ಸಂಪುಟವು 1932ರಲ್ಲಿ ಹೊರಬಂದಿತು. ಅದರಲ್ಲಿ 57,470 ಎಂಬ ಸಂಖ್ಯೆ ಇದ್ದಿತು. ಅಪ್ಪನಿಗಾಗಿ ಬಾಗಿಲಲ್ಲಿ ಕಾದ ಆಕ್ರಿಂಗ್ಟನ್ನಿನ ಹತ್ತು ವರ್ಷದ ಹುಡುಗನಿಗೆ ಆ ವೇಳೆಗೆ ಇಪ್ಪತ್ತಾರು ವರ್ಷ.